ಫೋನ್ ಒಣಗಿದೆ, ಉಪ್ಪು ಒಣಗಿಲ್ಲ

ಜುಲೈ ತಿಂಗಳ ಒಂದು ರಾತ್ರಿ ಪುತ್ತೂರಿನಿಂದ ಚಿಕ್ಕಪ್ಪನ ಫೋನ್ ಬಂತು. ಅದೂ ಚಿಕ್ಕಮ್ಮನ ನಂಬರಿನಿಂದ. "ಎಂತ ಮಾರಾಯ, ನನ್ನ ಫೋನಿಗೆ ಒಂದು ಹನಿ ನೀರು ತಾಗಿಲ್ಲ. ಚಾರ್ಜಿಗೆ ಹಾಕಿದ ಕೂಡಲೇ ನೀರುಂಟು, ನೀರುಂಟು ಅಂತ ಬೊಬ್ಬೆ ಹೊಡೀತದೆ. ಎರಡು ಸಲ ಬೈರಾಸಿನಲ್ಲಿ ಒರೆಸಿದೆ. ಒಣಗಿಯೇ ಉಂಟು."

ಅವರ ಫೋನ್ ಪರದೆಯ ಮೇಲೆ ಬರುತ್ತಿದ್ದದ್ದು Moisture detected ಎಂಬ ಎಚ್ಚರಿಕೆ, ಪಕ್ಕದಲ್ಲೊಂದು ನೀರಹನಿಯ ಚಿತ್ರ. ಎಚ್ಚರಿಕೆ ಬಂತೆಂದರೆ ಚಾರ್ಜ್ ನಿಂತಿತೆಂದೇ ಅರ್ಥ. ಕೇಬಲ್ ಕಿತ್ತು ಹಾಕಿದರೂ ಅಷ್ಟೇ, ಫೋನ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಚಿಕ್ಕಪ್ಪ ನಿವೃತ್ತ ಮೇಷ್ಟ್ರು, ಹೇಳಿದ್ದನ್ನು ಸುಮ್ಮನೆ ಒಪ್ಪುವವರಲ್ಲ. "ಇದು ಸುಳ್ಳು ಹೇಳುವ ಯಂತ್ರ" ಎಂದು ತೀರ್ಪು ಕೊಟ್ಟೇಬಿಟ್ಟರು.

ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಅದು ಹೇಳಿದ ಮಾತು ಮಾತ್ರ ಬೇರೆಯಾಗಿತ್ತು. ಫೋನಿನ ಚಾರ್ಜಿಂಗ್ ಕಿಂಡಿಯಲ್ಲಿ ನೀರನ್ನು ಗುರುತಿಸುವ ಕಣ್ಣೇನೂ ಇಲ್ಲ. ಕರೆಂಟ್ ಹರಿಯಬಾರದ ಜಾಗದಲ್ಲಿ ಹರಿಯುತ್ತಿದೆಯೇ ಎಂದು ಅದು ನೋಡುತ್ತದೆ, ಅಷ್ಟೇ. ಹರಿದರೆ ನೀರೆಂದು ಊಹಿಸುತ್ತದೆ. ಆ ಊಹೆ ಬಹಳ ಸಲ ನಿಜ, ಕೆಲವು ಸಲ ಮುಕ್ಕಾಲು ನಿಜ. ಚಿಕ್ಕಪ್ಪನದು ಮುಕ್ಕಾಲು ನಿಜದ ಕೇಸು.

ಈಗಿನ ಹೆಚ್ಚಿನ ಫೋನ್‌ಗಳಲ್ಲಿರುವುದು ಟೈಪ್ ಸಿ ಕಿಂಡಿ. ಟಾರ್ಚ್ ಹಿಡಿದು ಒಳಗೆ ನೋಡಿದರೆ ನಡುವೆ ಒಂದು ತೆಳ್ಳನೆಯ ನಾಲಿಗೆ ಕಾಣುತ್ತದೆ. ಅದರ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, ಒಟ್ಟು 24 ಪಿನ್‌ಗಳು. ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಇರುವ ದೂರ ಬರೇ ಅರ್ಧ ಮಿಲಿಮೀಟರ್. ಆ ಅರ್ಧ ಮಿಲಿಮೀಟರಿನಲ್ಲೂ ಒಂದು ಪಾಲು ಲೋಹವೇ ಇರುವುದರಿಂದ ನಡುವಿನ ಖಾಲಿ ಜಾಗ ಇನ್ನೂ ಕಿರಿದು. ಚಾರ್ಜರಿನಿಂದ ವಿದ್ಯುತ್ ಬರುವ ಪಿನ್ನಿನ ಪಕ್ಕದಲ್ಲೇ, "ಯಾರು ಬಂದಿದ್ದಾರೆ, ಚಾರ್ಜರೋ ಕಂಪ್ಯೂಟರೋ" ಎಂದು ವಿಚಾರಿಸುವ ಪಿನ್ ಕೂತಿದೆ. ಕಿಂಡಿಯಲ್ಲಿ ಏನೂ ಸಿಕ್ಕಿಸದಿದ್ದಾಗ ಈ ವಿಚಾರಣೆಯ ಪಿನ್ ಯಾವುದಕ್ಕೂ ಅಂಟದೆ ಒಂಟಿಯಾಗಿರಬೇಕು. ಫೋನ್ ಅದಕ್ಕೆ ತೀರಾ ಸಣ್ಣ ಕರೆಂಟ್ ಕೊಟ್ಟು, ಅದು ಎಲ್ಲಿಗಾದರೂ ಸೋರಿಹೋಗುತ್ತದೆಯೇ ಎಂದು ಆಗಾಗ ನೋಡುತ್ತಿರುತ್ತದೆ. ಸರಿಯಾದ ಕೇಬಲ್, ಸರಿಯಾದ ಸಾಧನ ಬಂದರೆ ಅಲ್ಲಿ ಇಷ್ಟೇ ಪ್ರತಿರೋಧ ಕಾಣಬೇಕು ಎಂಬ ಲೆಕ್ಕ ಮೊದಲೇ ಗೊತ್ತುಮಾಡಿದ್ದು. ಉದಾಹರಣೆಗೆ, ಹಳೆಯ ಚಪ್ಪಟೆ ಯುಎಸ್‌ಬಿ ತುದಿಯಿಂದ ಟೈಪ್ ಸಿಗೆ ಬರುವ ಕೇಬಲ್ಲಿನೊಳಗೆ 56 ಕಿಲೋ ಓಂನ ಒಂದು ರೆಸಿಸ್ಟರ್ ಇರುತ್ತದೆ. ಲೆಕ್ಕದ ಪುಸ್ತಕದಲ್ಲಿಲ್ಲದ ಯಾವುದೋ ಅಂಕಿ ಕಂಡಾಗ, ಅದೂ ಏರುತ್ತ ಇಳಿಯುತ್ತ ನಿಲ್ಲದೆ ಅಲೆಯುವ ಅಂಕಿ ಕಂಡಾಗ, ಫೋನ್ ಕಿಂಡಿಯ ಬಾಗಿಲು ಮುಚ್ಚಿ ಎಚ್ಚರಿಕೆ ಕೊಡುತ್ತದೆ.

ಇದನ್ನು ಪಿಕ್ಸೆಲ್ ಫೋನ್‌ಗಳು ಇನ್ನಷ್ಟು ಪ್ರಾಮಾಣಿಕವಾಗಿ ಹೇಳುತ್ತವೆ. ಅವುಗಳಲ್ಲಿ ಬರುವ ಸಾಲು Liquid or debris in USB port. ದ್ರವವೋ ಕಸವೋ, ನನಗೆ ಗೊತ್ತಿಲ್ಲ ಎಂದು ಫೋನೇ ಒಪ್ಪಿಕೊಂಡ ಹಾಗೆ. ಐಫೋನ್ ಮಾತ್ರ Liquid Detected ಎಂದು ಖಚಿತವಾಗಿಯೇ ಹೇಳಿಬಿಡುತ್ತದೆ.

ನೀರಿಲ್ಲದ ಕಿಂಡಿಯಲ್ಲಿ ಕರೆಂಟ್ ಸೋರುವುದು ಹೇಗೆ? ನಮ್ಮ ಕರಾವಳಿಯ ಯಾವ ಅಡುಗೆಮನೆಯಲ್ಲಿ ಕೇಳಿದರೂ ಇದಕ್ಕೆ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟರೆ ಎರಡು ದಿನದಲ್ಲಿ ಉಪ್ಪು ನೀರೊಡೆಯುತ್ತದೆ. ಯಾರೂ ಅದಕ್ಕೆ ನೀರು ಹಾಕಿರುವುದಿಲ್ಲ. ಗಾಳಿಯ ತೇವಾಂಶ ಶೇ. 75ರ ಆಸುಪಾಸು ದಾಟಿತೆಂದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿಕೊಂಡು ತನ್ನಲ್ಲಿ ತಾನೇ ಕರಗಲು ಶುರುಮಾಡುತ್ತದೆ. ಅದರ ಕೆಳಗಿದ್ದರೆ ಒಣಗಿ ಹರಳಾಗಿ ಕೂರುತ್ತದೆ. ಒಣ ಹರಳಿನಲ್ಲಿ ಕರೆಂಟ್ ಹರಿಯುವುದಿಲ್ಲ. ಉಪ್ಪಿನ ನೀರಿನಲ್ಲಾದರೆ ಸರಾಗವಾಗಿ ಹರಿಯುತ್ತದೆ.

ಚಿಕ್ಕಪ್ಪನ ಫೋನಿನೊಳಗೆ ಉಪ್ಪು ಹೋದದ್ದೆಲ್ಲಿಂದ? ಅವರು ದಿನಾ ಬೆಳಗ್ಗೆ ಐದೂವರೆಗೆ ಎದ್ದು ನಾಲ್ಕೈದು ಕಿಲೋಮೀಟರ್ ನಡೆಯುತ್ತಾರೆ. ಹೆಜ್ಜೆ ಎಣಿಸಬೇಕಲ್ಲ, ಹಾಗಾಗಿ ಫೋನ್ ಪ್ಯಾಂಟಿನ ಜೇಬಿನಲ್ಲೇ ಇರುತ್ತದೆ, ಕಿಂಡಿ ಕೆಳಮುಖವಾಗಿ. ಪುತ್ತೂರಿನ ಸೆಕೆಯಲ್ಲಿ ನಾಲ್ಕು ಕಿಲೋಮೀಟರ್ ನಡೆದರೆ ಜೇಬಿನ ಬಟ್ಟೆ ಬೆವರಿನಲ್ಲಿ ತೊಯ್ದು ತೊಪ್ಪೆಯಾಗುತ್ತದೆ. ಬೆವರು ಆರಿಹೋಗುತ್ತದೆ, ಅದರ ಉಪ್ಪು ಉಳಿಯುತ್ತದೆ. ಜೇಬಿನ ಹತ್ತಿಯ ನಾರು ಕಿಂಡಿಯೊಳಗೆ ಸೇರಿ, ಕೇಬಲ್ ಸಿಕ್ಕಿಸಿದಾಗಲೆಲ್ಲ ಇನ್ನಷ್ಟು ಒಳಗೆ ಒತ್ತಿಕೊಂಡು, ತಳದಲ್ಲಿ ಒಂದು ಸಣ್ಣ ದಿಂಬಿನ ಹಾಗೆ ಕೂರುತ್ತದೆ. ಆ ದಿಂಬು ಉಪ್ಪನ್ನೂ ಪಸೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಫೋನಿಗೆ ನೀರು ತಾಗಿಲ್ಲ ಎಂದು ಚಿಕ್ಕಪ್ಪ ಹೇಳಿದ್ದು ಅಪ್ಪಟ ಸತ್ಯ. ಬೆವರನ್ನು ಅವರು ನೀರೆಂದು ಲೆಕ್ಕ ಹಾಕಿರಲಿಲ್ಲ.

ಇದು ನನಗೂ ಅಂದು ರಾತ್ರಿಯೇ ಹೊಳೆದದ್ದಲ್ಲ. ಮೊದಲು ನಾನೂ ಎಲ್ಲರೂ ಹೇಳುವುದನ್ನೇ ಹೇಳಿದೆ: ಕೇಬಲ್ ತೆಗೆಯಿರಿ, ಗೋಡೆಯ ಸ್ವಿಚ್ ಆಫ್ ಮಾಡಿ, ಫೋನನ್ನು ಕಿಂಡಿ ಕೆಳಗಾಗಿ ಹಿಡಿದು ಅಂಗೈಗೆ ಮೆಲ್ಲಗೆ ನಾಲ್ಕು ಸಲ ತಟ್ಟಿ, ಫ್ಯಾನಿನ ಗಾಳಿಗೆ ಇಡಿ, ಅರ್ಧ ಗಂಟೆ ಬಿಟ್ಟು ನೋಡಿ. ಆ್ಯಪಲ್ ಕಂಪನಿ ತನ್ನ ಗ್ರಾಹಕರಿಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಕನಿಷ್ಠ 30 ನಿಮಿಷ ಕಾಯಿರಿ, ಮತ್ತೆ ಬಂದರೆ ಗಾಳಿಯಾಡುವ ಜಾಗದಲ್ಲಿ ಒಂದು ದಿನದವರೆಗೂ ಬಿಡಿ. ನಿಜವಾಗಿ ನೀರು ಹೋಗಿದ್ದ ಫೋನ್‌ಗೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ. ಚಿಕ್ಕಪ್ಪನ ಫೋನಿಗೂ ಅರ್ಧ ಕೆಲಸ ಮಾಡಿತು. ಫ್ಯಾನಿನಡಿ ಇಟ್ಟ ಮೇಲೆ ಹನಿಯ ಚಿತ್ರ ಹೋಯಿತು, ಚಾರ್ಜೂ ಆಯಿತು. ಮರುದಿನ ರಾತ್ರಿ ಮತ್ತೆ ಪ್ರತ್ಯಕ್ಷ.

ಗುಟ್ಟು ಬಯಲಾದದ್ದು ಆಗಸ್ಟಿನಲ್ಲಿ. ಕಣ್ಣಿನ ತಪಾಸಣೆಗೆಂದು ಚಿಕ್ಕಪ್ಪ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಮೂರು ದಿನ ಇದ್ದರು. ಮೂರೂ ದಿನ ಎಚ್ಚರಿಕೆ ಒಮ್ಮೆಯೂ ಬರಲಿಲ್ಲ. "ನಿಮ್ಮ ಊರಿನ ಕರೆಂಟು ಒಳ್ಳೇದು" ಎಂದು ಹೊಗಳಿ ಬಸ್ ಹತ್ತಿದರು. ಬಸ್ಸು ಶಿರಾಡಿ ಘಾಟಿ ಇಳಿದು ಮನೆ ಸೇರಿದ ರಾತ್ರಿಯೇ ಚಿಕ್ಕಮ್ಮನ ನಂಬರಿನಿಂದ ಮತ್ತೆ ಫೋನ್. ನನ್ನ ಮೇಜಿನ ಮೇಲೆ ತೇವಾಂಶ ತೋರಿಸುವ ಅಗ್ಗದ ಗಡಿಯಾರವೊಂದಿದೆ. ಆ ಹೊತ್ತಿಗೆ ಅದು ತೋರಿಸುತ್ತಿದ್ದದ್ದು ಶೇ. 63. ಚೌತಿಗೆ ಊರಿಗೆ ಹೋಗುವಾಗ ಅದನ್ನೇ ಚೀಲಕ್ಕೆ ಹಾಕಿಕೊಂಡು ಹೋದೆ. ಚಿಕ್ಕಪ್ಪ ಫೋನ್ ಚಾರ್ಜಿಗಿಡುವ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ರಾತ್ರಿ ಒಂಬತ್ತಕ್ಕೆ ಶೇ. 89. ಉಪ್ಪಿನ ಭರಣಿಯ ಲೆಕ್ಕ ಅಲ್ಲಿಗೆ ಸರಿಹೋಯಿತು.

ನಿಮ್ಮ ಫೋನಿನಲ್ಲೂ ಎಚ್ಚರಿಕೆ ಬಂದುಹೋಗಿ ಮಾಡುತ್ತಿದ್ದರೆ, ಬರುವ ಹೊತ್ತನ್ನು ಗಮನಿಸಿ. ಎಸಿ ಕೋಣೆಯಲ್ಲಿ ಇಲ್ಲ, ಹೊರಗೆ ಬಂದರೆ ಇದೆ. ಹಗಲಿಗೆ ಇಲ್ಲ, ಮಳೆಯ ರಾತ್ರಿಗೆ ಇದೆ ಎಂದಾದರೆ ಒಳಗಿರುವುದು ನೀರಲ್ಲ, ನೀರನ್ನು ಕರೆಯುವ ಕೊಳೆ. ಎಷ್ಟು ಒಣಗಿಸಿದರೂ ಅದು ಮತ್ತೆ ಕರೆಯುತ್ತದೆ. ಒಣಗಿಸುವ ಕೆಲಸ ಮತ್ತು ಶುಚಿಮಾಡುವ ಕೆಲಸ ಬೇರೆ ಬೇರೆ ಎಂಬುದನ್ನು ಹಿಡಿದುಕೊಂಡರೆ ಈ ವಿಷಯದಲ್ಲಿ ಅರ್ಧ ಗೊಂದಲ ಕಳೆಯುತ್ತದೆ.

ಶುಚಿಗೆ ಇಳಿಯುವ ಮೊದಲು ತಪ್ಪು ಯಾರದೆಂದು ಪತ್ತೆಮಾಡಬೇಕು. ಕೇಬಲ್ಲಿನದೋ, ಕಿಂಡಿಯದೋ, ಫೋನಿನ ತಲೆಯದೋ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೇಬಲ್ಲನ್ನು ಪೂರ್ತಿ ತೆಗೆದು ಹತ್ತು ನಿಮಿಷ ಬಿಡಿ. ಏನೂ ಸಿಕ್ಕಿಸದಿದ್ದಾಗಲೂ ಹನಿಯ ಚಿತ್ರ ಹಾಗೇ ಇದ್ದರೆ ತೊಂದರೆ ಇರುವುದು ಹೆಚ್ಚಾಗಿ ಕಿಂಡಿಯೊಳಗೆ. ಒಂದು ಕೇಬಲ್ ಸಿಕ್ಕಿಸಿದಾಗ ಮಾತ್ರ ಬಂದು, ಮನೆಯ ಇನ್ನೊಂದು ಕೇಬಲ್ಲಿಗೆ ಬಾರದಿದ್ದರೆ ಕಳ್ಳ ಕೇಬಲ್ಲು. ಕೇಬಲ್ಲಿನ ತುದಿ ಬಚ್ಚಲಿನ ಬಾಗಿಲ ಬಳಿ, ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿರುತ್ತದೆ, ಕಾರಿನಲ್ಲಿ ಎಳನೀರು ಚೆಲ್ಲಿದ ಜಾಗದಲ್ಲೂ ಬಿದ್ದಿರುತ್ತದೆ. ಅದರೊಳಗಿನ ಪಸೆಯನ್ನು ನಾವೇ ಕೈಯಾರೆ ತಂದು ಫೋನಿನೊಳಗೆ ತುರುಕುತ್ತೇವೆ. ಚಪ್ಪಟೆ ತುದಿಯ ಹಳೆಯ ಚಾರ್ಜರ್‌ಗಳ ಕೇಬಲ್ಲಿನಲ್ಲಿ ಇನ್ನೊಂದು ತಾಪತ್ರಯವಿದೆ. ಫೋನ್ ಇರಲಿ ಬಿಡಲಿ, ಸ್ವಿಚ್ ಹಾಕಿದ್ದರೆ ಅದರ ತುದಿಯಲ್ಲಿ 5 ವೋಲ್ಟ್ ಸದಾ ಇರುತ್ತದೆ. ಒದ್ದೆಯಾದ ತುದಿ ನೆಲದ ಮೇಲೆ ಬಿದ್ದಲ್ಲೇ ಸವೆಯುತ್ತಿರುತ್ತದೆ. ಎರಡೂ ಕಡೆ ಟೈಪ್ ಸಿ ಇರುವ ಕೇಬಲ್ಲಿನಲ್ಲಿ ಹಾಗಲ್ಲ, ಆ ಕಡೆ ಫೋನಿದೆ ಎಂದು ಗೊತ್ತಾದ ಮೇಲಷ್ಟೇ ಚಾರ್ಜರ್ ವಿದ್ಯುತ್ ಬಿಡುತ್ತದೆ.

ಕೇಬಲ್ಲೂ ಅಲ್ಲ, ಕಿಂಡಿಯೂ ಕಣ್ಣಿಗೆ ಸ್ವಚ್ಛ, ಒಂದು ದಿನ ಒಣ ಜಾಗದಲ್ಲಿ ಬಿಟ್ಟೂ ಆಯಿತು, ಆದರೂ ಚಿತ್ರ ಹೋಗುತ್ತಿಲ್ಲ ಎಂದರೆ ಆಗ ಫೋನಿನ ತಲೆಯ ಕಡೆ ನೋಡಬಹುದು. ಹಳೆಯ ಎಚ್ಚರಿಕೆ ಅದರ ನೆನಪಿನಲ್ಲಿ ಸಿಕ್ಕಿಹಾಕಿಕೊಂಡಿರುವುದುಂಟು. ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನ್‌ಗಳಲ್ಲಾದರೆ Settings ತೆರೆದು Apps ಒಳಗೆ ಹೋಗಿ, ಪಟ್ಟಿಯ ಮೇಲಿರುವ ಗೆರೆಗಳ ಗುರುತು ಒತ್ತಿ Show system apps ಆನ್ ಮಾಡಿದರೆ USBSettings ಎಂಬ ಹೆಸರು ಸಿಗುತ್ತದೆ. ಅದರ Storage ಒಳಗಿರುವ Clear cache ಒತ್ತಿ, ಫೋನನ್ನು ಮತ್ತೆ ರೀಸ್ಟಾರ್ಟ್ ಮಾಡಬೇಕು. ನಿಮ್ಮ ಫೋಟೊ, ಮೆಸೇಜು ಯಾವುದಕ್ಕೂ ಇದರಿಂದ ಧಕ್ಕೆಯಿಲ್ಲ. ಬೇರೆ ಕಂಪನಿಯ ಫೋನ್‌ಗಳಲ್ಲಿ ಈ ಹೆಸರು ಇರಬೇಕೆಂದಿಲ್ಲ, ಹುಡುಕಿ ತಲೆಕೆಡಿಸಿಕೊಳ್ಳಬೇಡಿ. ಇದನ್ನು ಮಾಡಿದ ಮೇಲೆ ಕೆಲವು ನಿಮಿಷ ಸುಮ್ಮನಿದ್ದು ಚಿತ್ರ ತಾನಾಗಿ ಮರಳಿ ಬಂತೆಂದರೆ ಅದು ನೆನಪಿನ ದೋಷವಲ್ಲ, ಅಳತೆಯಲ್ಲೇ ಏನೋ ಇದೆ. ಜನ ಇಲ್ಲೇ ತಪ್ಪುತ್ತಾರೆ. ಕ್ಯಾಶ್ ಅಳಿಸಿದ ಕೂಡಲೇ ಸಿಗುವ ಆ ಒಂದೆರಡು ನಿಮಿಷದ ಸಂದಿನಲ್ಲಿ ಕೇಬಲ್ ತುರುಕಿ ಚಾರ್ಜ್ ಮಾಡಿಕೊಳ್ಳುತ್ತಾರೆ. ಕೆಲವರು ಫೋನ್ ಆಫ್ ಮಾಡಿ ಚಾರ್ಜಿಗಿಡುತ್ತಾರೆ. ಆಫ್ ಆಗಿರುವಾಗ ಎಚ್ಚರಿಕೆಯ ಚಿತ್ರ ಬಾರದೆ ಚಾರ್ಜ್ ಆಗುವುದೂ ಉಂಟು. ಆಗುತ್ತದೆ ಎಂದ ಮಾತ್ರಕ್ಕೆ ಮಾಡಬಹುದು ಎಂದಲ್ಲ. ಐಫೋನಿನಲ್ಲಿ ಕಾಣುವ Emergency Override, ಪಿಕ್ಸೆಲ್‌ನಲ್ಲಿ ಕಾಣುವ Enable USB ಗುಂಡಿಗಳಿಗೂ ಇದೇ ಮಾತು. ನಡುರಾತ್ರಿ ಆಂಬುಲೆನ್ಸ್ ಕರೆಯಬೇಕಾದ ಹೊತ್ತಿಗೆ ಇರುವ ಬಾಗಿಲು ಅದು, ರೀಲ್ಸ್ ನೋಡಲಿಕ್ಕಲ್ಲ.

ಒತ್ತಾಯದಿಂದ ಚಾರ್ಜ್ ಮಾಡಿದರೆ ಏನಾಗುತ್ತದೆ ಎಂಬುದನ್ನು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ನಾವೆಲ್ಲ ನೋಡಿದ್ದೇವೆ. ಉಪ್ಪು ನೀರಿನ ಲೋಟಕ್ಕೆ ಬ್ಯಾಟರಿಯ ಎರಡು ತಂತಿ ಇಳಿಬಿಟ್ಟರೆ ಗುಳ್ಳೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಒಂದು ತಂತಿ ಕರಗಿ ನೀರು ಹಸಿರಾಗುತ್ತದೆ. ಕಿಂಡಿಯೊಳಗೆ ನಡೆಯುವುದೂ ಅದೇ, ಲೋಟ ಮಾತ್ರ ಸಾಸಿವೆ ಕಾಳಿನಷ್ಟು ಸಣ್ಣದು. ಪಿನ್ನಿಗೆ ಚಿನ್ನದ ತೆಳುಲೇಪ ಇರುತ್ತದೆ. ಅದು ಸವೆದ ಕಡೆ ಒಳಗಿನ ತಾಮ್ರ ಕರಗತೊಡಗುತ್ತದೆ, ತಾಮ್ರದ ಚೊಂಬಿಗೆ ಹಿಡಿಯುವಂಥದೇ ಹಸಿರು ಕಿಲುಬು ಕಾಣಿಸುತ್ತದೆ. ಕರಗಿದ ಲೋಹ ಪಕ್ಕದ ಪಿನ್ನಿನ ಕಡೆ ಹಬ್ಬಿ ಸೇತುವೆ ಕಟ್ಟಿತೆಂದರೆ ಆಮೇಲೆ ಎಷ್ಟು ಒಣಗಿದರೂ ಕರೆಂಟ್ ಸೋರುತ್ತಲೇ ಇರುತ್ತದೆ. ವೇಗದ ಚಾರ್ಜರ್‌ಗಳು 9 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಕೊಡುವುದರಿಂದ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಸೋರಿಕೆಯ ಜಾಗ ಬಿಸಿಯಾಗಿ ಪ್ಲಾಸ್ಟಿಕ್ ಕಂದುವುದು ಅದರ ಮುಂದಿನ ಹೆಜ್ಜೆ.

ಈಗ ಶುಚಿ ಮಾಡುವ ಮಾತು. ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಫೋನ್ ಸ್ವಿಚ್ ಆಫ್ ಮಾಡಿ. ಕಿಂಡಿ ಕೆಳಮುಖವಾಗಿ ಹಿಡಿಯಿರಿ. ಹೊಸದಾದ, ಮೆತ್ತಗಿನ, ಪೂರ್ತಿ ಒಣಗಿದ ಬ್ರಷ್ಷಿನಿಂದ ಅಗಲದ ದಿಕ್ಕಿನಲ್ಲಿ ಹಗುರಾಗಿ ಗುಡಿಸಿ. ಮಕ್ಕಳ ಹಲ್ಲುಜ್ಜುವ ಬ್ರಷ್ ಆದೀತು, ಚಿತ್ರ ಬರೆಯುವ ಸಣ್ಣ ಕುಂಚ ಇನ್ನೂ ಒಳ್ಳೆಯದು. ಕ್ಯಾಮೆರಾದವರು ಲೆನ್ಸಿನ ಧೂಳು ಹಾರಿಸುವ ರಬ್ಬರ್ ಬುಗ್ಗೆ ಇದ್ದರೆ ನಾಲ್ಕು ಸಲ ಅದುಮಿ. ಮನೆಯವರ ಪಾಲಿನ ಕೆಲಸ ಇಷ್ಟೇ. ಬಾಯಿಂದ ಉಫ್ ಎಂದು ಊದುವುದು ನಮಗೆಲ್ಲ ಹುಟ್ಟಿದಂದಿನಿಂದ ಬಂದ ಅಭ್ಯಾಸ. ಆದರೆ ಉಸಿರಿನಷ್ಟು ತೇವದ ಗಾಳಿ ಬೇರೆ ಎಲ್ಲೂ ಇಲ್ಲ. ಕನ್ನಡಕದ ಗಾಜಿಗೆ ಊದಿ ಒರೆಸುತ್ತೇವಲ್ಲ, ಅದೇ ಮಂಜನ್ನು ಕಿಂಡಿಯ ಒಳಗೂ ಕೂರಿಸುತ್ತೇವೆ. ಪಿನ್ನು, ಸೂಜಿ, ಸಿಮ್ ತೆಗೆಯುವ ಕಡ್ಡಿ ಯಾವುದೂ ಒಳಗೆ ಹೋಗಬಾರದು. ನಡುವಿನ ನಾಲಿಗೆ ಕಾಗದದಷ್ಟಲ್ಲದಿದ್ದರೂ ಸಾಕಷ್ಟು ತೆಳು, ಒಮ್ಮೆ ಮುರಿದರೆ ಕಿಂಡಿಯನ್ನೇ ಬದಲಿಸಬೇಕು. ಇಯರ್‌ಬಡ್ಸಿನ ಹತ್ತಿಯೂ ಬೇಡ, ಇದ್ದ ನಾರಿನ ಜೊತೆಗೆ ಅದೂ ಒಂದಿಷ್ಟು ಬಿಟ್ಟುಬರುತ್ತದೆ. ಹೇರ್ ಡ್ರೈಯರಿನ ಬಿಸಿಗೆ ಫೋನಿನ ಅಂಚಿನ ಅಂಟು ಸಡಿಲಾಗುತ್ತದೆ, ನೀರು ಒಳಗೆ ಹೋಗದಂತೆ ತಡೆಯುತ್ತಿದ್ದದ್ದೇ ಆ ಅಂಟು.

ಇನ್ನು ಅಕ್ಕಿಯ ಡಬ್ಬ. ಉಪ್ಪಿನ ಭರಣಿಗೆ ನಾಲ್ಕು ಕಾಳು ಅಕ್ಕಿ ಹಾಕಿಡುವ ನಮ್ಮ ಅಜ್ಜಿಯರ ಉಪಾಯವೇ ಫೋನಿಗೂ ದಾಟಿರಬೇಕು ಎಂದು ನನ್ನ ಗುಮಾನಿ. ಫೋನಿನ ವಿಷಯದಲ್ಲಿ ಅದು ಕೆಲಸ ಕೆಡಿಸುತ್ತದೆ. ಮುಚ್ಚಿದ ಡಬ್ಬದಲ್ಲಿ ಗಾಳಿಯಾಡುವುದಿಲ್ಲ. ಅಕ್ಕಿಯ ತೌಡು, ನುಚ್ಚು ಕಿಂಡಿಗೆ ಹೋಗಿ ಪಸೆಯಲ್ಲಿ ಗಂಜಿಯಾಗಿ ಕೂರುತ್ತದೆ. ಅಕ್ಕಿಯ ಚೀಲದಲ್ಲಿ ಇಡಬೇಡಿ, ಅದರ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು ಎಂದು ಆ್ಯಪಲ್ ಬರೆದದ್ದು 2024ರ ಆರಂಭದಲ್ಲಿ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಅಕ್ಕಿಗಿಂತ ಎಷ್ಟೋ ವಾಸಿ. ಗಾಳಿಬಿಗಿ ಡಬ್ಬದಲ್ಲಿ ಹತ್ತು ಹನ್ನೆರಡು ಪೊಟ್ಟಣಗಳ ಜೊತೆ ಫೋನ್ ಇಟ್ಟರೆ ಮಳೆಗಾಲದಲ್ಲೂ ಒಣಗುತ್ತದೆ. ಆದರೆ ಅದೂ ನೀರನ್ನಷ್ಟೇ ತೆಗೆಯುತ್ತದೆ, ಉಪ್ಪನ್ನಲ್ಲ. ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದ ಪೊಟ್ಟಣಗಳು ಆಗಲೇ ಹೊಟ್ಟೆತುಂಬ ಕುಡಿದಿರುತ್ತವೆ ಎಂಬುದೂ ನೆನಪಿರಲಿ.

ಸ್ಯಾನಿಟೈಸರ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಬುದ್ಧಿವಂತರೂ ಇಲ್ಲಿ ಎಡವುತ್ತಾರೆ. ಆಲ್ಕೋಹಾಲ್ ತಾನೇ, ಬೇಗ ಆರುತ್ತದೆ, ಕೊಳೆಯನ್ನೂ ತೆಗೆಯುತ್ತದೆ ಎಂಬ ಲೆಕ್ಕ. ಕೈಯ ಚರ್ಮ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಪಾಕದಲ್ಲೇ ಶೇ. 1.45 ಇದೆ. ಆಲ್ಕೋಹಾಲ್ ಆರಿದ ಮೇಲೆ ಗ್ಲಿಸರಿನ್ನಿನ ಪದರ ಪಿನ್‌ಗಳ ಮೇಲೆ ಉಳಿಯುತ್ತದೆ. ಗ್ಲಿಸರಿನ್ನಿನ ಕಸುಬೇ ಗಾಳಿಯಿಂದ ನೀರು ಹೀರುವುದು. ಉಪ್ಪನ್ನು ತೆಗೆಯಲು ಹೋಗಿ ಅದರ ಅಣ್ಣನನ್ನು ಕರೆತಂದ ಹಾಗಾಯಿತು.

ನೀರಿನಲ್ಲೇ ತೊಳೆಯಬಹುದೇ? ಕೇಳಲು ವಿಚಿತ್ರ, ಆದರೆ ಕೆಲವು ಫೋನ್‌ಗಳಿಗೆ ಕಂಪನಿಯೇ ಹಾಗೆ ಹೇಳುತ್ತದೆ. ಐಪಿ68 ಗುರುತಿರುವ ಫೋನ್ ಸಮುದ್ರದ ನೀರಿಗೋ ಕಾಫಿಗೋ ಬಿದ್ದರೆ ಸಿಹಿನೀರಿನಲ್ಲಿ ಜಾಲಾಡಿಸಿ ಒಣಗಿಸಿ ಎನ್ನುತ್ತವೆ ಸ್ಯಾಮ್‌ಸಂಗ್ ಮತ್ತು ಆ್ಯಪಲ್. ಉಪ್ಪನ್ನು ಕರಗಿಸುವುದು ನೀರೇ, ಹಾಗಾಗಿ ಮಾತು ಸರಿಯಾಗಿಯೇ ಇದೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಅಲೆಗೆ ಸಿಕ್ಕಿದ ಹೊಸ ಫೋನಿಗೆ ಅದೇ ದಿನ ಮಾಡಿದರೆ ಒಳ್ಳೆಯದು. ಆದರೆ ಪರದೆ ಬದಲಿಸಿದ, ಒಮ್ಮೆಯಾದರೂ ಬಿಚ್ಚಿದ, ಅಂಚಿನಲ್ಲಿ ಬಿರುಕುಬಿಟ್ಟ ಫೋನಿಗೆ ಆ ಗುರುತು ಬರೀ ಹೆಸರಿಗೆ. ಗುರುತೇ ಇಲ್ಲದ ಫೋನಿಗೆ ನೀರಿನ ಸುದ್ದಿಯೇ ಬೇಡ. ನೀರಿನಿಂದ ಕೆಟ್ಟರೆ ಐಪಿ68 ಫೋನ್‌ಗೂ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಚಿಕ್ಕಪ್ಪನದು ಗುರುತಿಲ್ಲದ ಫೋನು. ಚೌತಿಯ ಮರುದಿನ ನಾವಿಬ್ಬರೂ ಪುತ್ತೂರು ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದೆವು. ಹುಡುಗ ಫೋನನ್ನು ಮೈಕ್ರೋಸ್ಕೋಪಿನಡಿ ಹಿಡಿದು, "ಸರ್, ನಡೀಲಿಕ್ಕೆ ಹೋಗ್ತೀರಾ?" ಎಂದು ಕೇಳಿದ. ಚಿಕ್ಕಪ್ಪನ ಮುಖ ನೋಡಬೇಕಿತ್ತು. ಪರದೆಯ ಮೇಲೆ ಕಿಂಡಿಯ ಒಳಗು ಗುಹೆಯಂತೆ ಕಾಣುತ್ತಿತ್ತು. ತಳದಲ್ಲಿ ಬೂದು ಬಣ್ಣದ ನಾರಿನ ಒತ್ತೆ, ನಾಲಿಗೆಯ ಅಂಚಿಗೆ ಸಕ್ಕರೆಯ ಪುಡಿಯಂಥ ಬಿಳಿ, ಒಂದು ಪಿನ್ನಿನ ಬುಡದಲ್ಲಿ ಸೂಜಿಮೊನೆಯಷ್ಟು ಹಸಿರು. ಬೆವರಿನ ಕೇಸು ಎಂದ ಹುಡುಗ. ಮಾರ್ಚಿನಿಂದ ನವೆಂಬರಿನವರೆಗೆ ವಾರಕ್ಕೆ ನಾಲ್ಕೈದಾದರೂ ಬರುತ್ತವಂತೆ.

ಹಸಿರು ಕಂಡದ್ದರಿಂದ ಬಿಚ್ಚಿಯೇ ತೊಳೆಯುತ್ತೇನೆ ಎಂದ. ಹಿಂದಿನ ಮುಚ್ಚಳ ತೆಗೆದು ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿದ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಚಾರ್ಜಿಂಗ್ ಕಿಂಡಿ ಬಹುಮಟ್ಟಿಗೆ ಒಂದು ಬೇರೆಯೇ ಸಣ್ಣ ಬೋರ್ಡಿನ ಮೇಲಿರುತ್ತದೆ, ಅದನ್ನು ಹೊರತೆಗೆದ. ಪ್ಲಾಸ್ಟಿಕ್ ಚಿಮುಟದಿಂದ ನಾರು ಎಳೆದಾಗ ಬೆಂಕಿಕಡ್ಡಿಯ ತಲೆಯಷ್ಟು ಬಂತು. ಕುಂಚವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಎರಡು ಸಲ ಉಜ್ಜಿದ, ಆಮೇಲೆ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮತ್ತೆ ಉಜ್ಜಿದ. ಎರಡೂ ಯಾಕೆ ಎಂದು ಕೇಳಿದೆ. ಅಂಗಡಿಗಳಲ್ಲಿ ಹೆಚ್ಚಿನವರು ಐಪಿಎ ಒಂದನ್ನೇ ಹಾಕಿ ಬಿಡುತ್ತಾರೆ, ಜಿಡ್ಡು ಹೋಗುತ್ತದೆ, ಆದರೆ ಉಪ್ಪು ಶುದ್ಧ ಐಪಿಎಯಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಉಪ್ಪಿಗೆ ನೀರು, ಆ ನೀರನ್ನು ಹೊತ್ತೊಯ್ಯಲು ಐಪಿಎ. ಬೋರ್ಡನ್ನು ಟೇಬಲ್ ದೀಪದ ಕೆಳಗೆ ಅರ್ಧ ಗಂಟೆ ಇಟ್ಟು ಮತ್ತೆ ಮೈಕ್ರೋಸ್ಕೋಪಿಗೆ ಹಿಡಿದ. ಹಸಿರು ಹೋಗಿತ್ತು, ಪಿನ್ನಿನ ಚಿನ್ನದ ಬಣ್ಣ ಒಂದು ಮೂಲೆಯಲ್ಲಿ ಮಾಸಿತ್ತು. "ಇನ್ನೂ ತಿಂದಿದ್ರೆ ಬೋರ್ಡೇ ಹೊಸತು ಹಾಕ್ಬೇಕಿತ್ತು. ಸದ್ಯಕ್ಕೆ ಬೇಡ" ಎಂದ. ಇಂಥ ಮಾತು ಹೇಳುವ ಅಂಗಡಿ ಸಿಕ್ಕಿದರೆ ಬಿಡಬೇಡಿ.

ಪರೀಕ್ಷೆ ಅಂಗಡಿಯಲ್ಲಿ ಆಗುವುದಿಲ್ಲ, ಮನೆಯಲ್ಲೇ ಆಗಬೇಕು. ಅಂದು ರಾತ್ರಿ ಗಡಿಯಾರ ಶೇ. 91 ತೋರಿಸುತ್ತಿದ್ದಾಗ ಏನೂ ಸಿಕ್ಕಿಸದೆ ಒಂದು ಗಂಟೆ ಅದೇ ಕಿಟಕಿಯ ಕಟ್ಟೆಯ ಮೇಲೆ ಫೋನ್ ಬಿಟ್ಟೆವು. ಹನಿಯ ಚಿತ್ರ ಬರಲಿಲ್ಲ. ಕೇಬಲ್ ಸಿಕ್ಕಿಸಿದೆವು, ಬರಲಿಲ್ಲ. ಹದಿನೈದು ನಿಮಿಷ ಕಳೆದು ಕೇಬಲ್ಲಿನ ತುದಿ ಮುಟ್ಟಿ ನೋಡಿದೆವು, ಉಗುರುಬೆಚ್ಚಗೂ ಇರಲಿಲ್ಲ. ಈಗ ಚಿಕ್ಕಪ್ಪ ಫೋನನ್ನು ಅಂಗಿಯ ಜೇಬಿನಲ್ಲಿ ಕಿಂಡಿ ಮೇಲಾಗಿ ಇಟ್ಟುಕೊಂಡು ನಡೆಯುತ್ತಾರೆ, ಬಂದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ.

ರಿಪೇರಿಗೆ ಹೋಗುವ ತನಕ ಫೋನ್ ಬೇಕೇ ಬೇಕು ಎನ್ನುವವರಿಗೆ ಒಂದು ದಾರಿಯಿದೆ. ನಿಮ್ಮ ಫೋನಿನಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಬೆನ್ನನ್ನು ಒರೆಸಿ ಪ್ಯಾಡಿನ ಮೇಲಿಡಿ. ಅದು ಈ ಕಿಂಡಿಯನ್ನು ಬಳಸುವುದೇ ಇಲ್ಲ. ಅದಿಲ್ಲದವರು ಫೋನನ್ನು ಒಣ ಕೋಣೆಗೆ ಒಯ್ದು, ಫ್ಯಾನಿನ ಕೆಳಗಿಟ್ಟು, ಚಿತ್ರ ತಾನಾಗಿ ಹೋದ ಮೇಲೆ ಸಾಧಾರಣ ಚಾರ್ಜರಿನಲ್ಲಿ, ಎದುರಿಗೇ ಕೂತು ಚಾರ್ಜ್ ಮಾಡಿಕೊಳ್ಳಿ. ದಿಂಬಿನಡಿ ಇಟ್ಟು ಮಲಗಬೇಡಿ. ಸುಟ್ಟ ವಾಸನೆ, ಬಿಸಿಯಾದ ತುದಿ, ಕಿಂಡಿಯಲ್ಲಿ ಹಸಿರು ಅಥವಾ ಕಪ್ಪು ಕಲೆ ಕಂಡರೆ ಈ ದಾರಿಯೂ ಮುಚ್ಚಿತು, ನೇರ ಅಂಗಡಿಗೆ ಹೋಗಬೇಕು.

ಇವತ್ತು ರಾತ್ರಿ ಚಾರ್ಜಿಗೆ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ, ನಿಮ್ಮ ಕೇಬಲ್ಲಿನ ತುದಿಯನ್ನು ಒಮ್ಮೆ ಟಾರ್ಚಿನ ಬೆಳಕಿಗೆ ಹಿಡಿದು ಒಳಗೆ ನೋಡಿ. ಹಳದಿ ಪಿನ್‌ಗಳ ಸಾಲಿನಲ್ಲಿ ಒಂದಾದರೂ ಕಂದಾಗಿದ್ದರೆ ಆ ಕೇಬಲ್ಲನ್ನು ಇನ್ನೊಬ್ಬರಿಗೆ ಕೊಡಬೇಡಿ, ಕತ್ತರಿಸಿ ಬಿಸಾಡಿ.